ಗ್ರಾಹಕಿ ಹೇಳಿದ್ದಿಷ್ಟು, ನಾವು ಬರೆದದ್ದೆಷ್ಟು?

ಹಾಸನದಲ್ಲಿರುವ ನಮ್ಮ ಅತ್ತಿಗೆ ಮನೆಯಲ್ಲೇ ರಾಗಿ ಮಾಲ್ಟ್ ಮಾಡಿ ಮಾರುತ್ತಾರೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಪುಡಿ ಮಾಡಿ, ಬೆಲ್ಲದ ಪುಡಿ ಮತ್ತು ಏಲಕ್ಕಿ ಬೆರೆಸಿ ಅರ್ಧ ಕೆ.ಜಿ. ಪ್ಯಾಕೆಟ್ ಕಟ್ಟುತ್ತಾರೆ. ಆರ್ಡರ್ ಬರುವುದು ವಾಟ್ಸ್ಆ್ಯಪ್‌ನಲ್ಲಿ. ಹೊಗಳಿಕೆ, ತಕರಾರು ಬರುವುದೂ ಅಲ್ಲೇ. ಆ ಹೊಗಳಿಕೆಗಳನ್ನು ಆರಿಸಿ ಫೋಟೊ ಕೆಳಗೆ ಕ್ಯಾಪ್ಷನ್ ಮಾಡಿ ಇನ್‌ಸ್ಟಾಗ್ರಾಂಗೆ ಹಾಕುವ ಕೆಲಸ ಅವರ ಮಗನದು. ಜಾಹೀರಾತು ಬರೆದು ಹೊಟ್ಟೆ ಹೊರೆದವನು ನಾನು ಎಂಬ ಕಾರಣಕ್ಕೆ ಒಂದು ದಿನ ಅವನು ಫೋನು ಮಾಡಿದ. ‘ಚಿಕ್ಕಪ್ಪ, ಒಂದು ಸೂಪರ್ ರಿವ್ಯೂ ಬಂದಿದೆ, ಕ್ಯಾಪ್ಷನ್ ಸರಿಯಿದೆಯಾ ನೋಡಿ’ ಎಂದ.

ಮೊದಲು ಮೂಲ ಮೆಸೇಜು ಕಳಿಸು ಎಂದೆ. ಮೈಸೂರಿನ ಗ್ರಾಹಕಿಯೊಬ್ಬರು ಬರೆದದ್ದು ಹೀಗಿತ್ತು:

‘ಹೋದ ತಿಂಗಳು ಅರ್ಧ ಕೆ.ಜಿ. ತರಿಸಿಕೊಂಡಿದ್ದೆ. ಪಾರ್ಸೆಲ್ ಬರೋಕೆ ಆರು ದಿನ ಆಯ್ತು. ಆದ್ರೆ ರುಚಿ ನಿಜವಾಗ್ಲೂ ಚೆನ್ನಾಗಿದೆ, ಏಲಕ್ಕಿ ಘಮ ಹದವಾಗಿದೆ. ಹಾಲು ಅಂದ್ರೆ ಮುಖ ತಿರುಗಿಸ್ತಿದ್ದ ನನ್ನ ಮಗಳು ದಿನಾ ಒಂದು ಲೋಟ ಕುಡೀತಾಳೆ. ಅತ್ತೆಗೂ ಕೊಡ್ತಿದ್ದೀನಿ, ಅವರ ಶುಗರ್ ಸ್ವಲ್ಪ ಇಳಿದಿದೆ. ನನಗೆ ಸಿಹಿ ಒಂಚೂರು ಜಾಸ್ತಿ ಅನ್ನಿಸ್ತು. ಬೆಲ್ಲ ಇಲ್ಲದ್ದು ಮಾಡಿದ್ರೆ ಹೇಳಿ.’

ಹುಡುಗ ಬರೆದಿದ್ದ ಕ್ಯಾಪ್ಷನ್ ಇದು: ‘ಅದ್ಭುತ ರುಚಿ! ಮಕ್ಕಳು ಹಟ ಮಾಡದೆ ಕುಡೀತಾರೆ, ಶುಗರ್ ಕೂಡ ಇಳಿಯುತ್ತೆ!’ ಕೆಳಗೆ ಆಕೆಯ ಪೂರ್ತಿ ಹೆಸರು, ಊರು. ಮೇಲೆ ಆಕೆಯ ವಾಟ್ಸ್ಆ್ಯಪ್ ಡಿಪಿಯಿಂದ ಎತ್ತಿಕೊಂಡ ತಾಯಿ-ಮಗಳ ಫೋಟೊ.

ಅವನಿಗೆ ಮೋಸದ ಉದ್ದೇಶ ಇರಲಿಲ್ಲ. ‘ಅವರು ಹೇಳಿದ್ದನ್ನೇ ಸ್ವಲ್ಪ ಚುಟುಕು ಮಾಡಿದೀನಿ’ ಎಂದ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಚುಟುಕು ಮಾಡುವ ಹೊತ್ತಿನಲ್ಲಿ ಏನೇನು ಕೂಡಿಕೊಂಡಿತು ಎಂಬುದು ಕಾಣುತ್ತದೆ. ‘ಚೆನ್ನಾಗಿದೆ’ ಎಂದದ್ದು ‘ಅದ್ಭುತ’ ಆಯಿತು. ‘ನನ್ನ ಮಗಳು’ ಹೋಗಿ ‘ಮಕ್ಕಳು’ ಬಂದರು. ‘ಇಳಿದಿದೆ’ ಎಂಬ ಒಂದು ಮನೆಯ ಸಂಗತಿ ‘ಇಳಿಯುತ್ತೆ’ ಎಂಬ ನಿಯಮವಾಯಿತು. ಕನ್ನಡದಲ್ಲಿ ಕ್ರಿಯಾಪದದ ಬಾಲ ಒಂದಿಷ್ಟು ಬದಲಾದರೆ ಸಾಕು, ಅನುಭವ ಹೋಗಿ ಭರವಸೆ ಬಂದುಬಿಡುತ್ತದೆ.

ಹಾಗಾಗಿ ಮೊದಲ ನಿಯಮ ಸರಳ: ಉದ್ಧರಣ ಚಿಹ್ನೆಯ ಒಳಗಿನ ಮಾತೆಲ್ಲ ಗ್ರಾಹಕಿಯದು, ಹೊರಗಿನದು ನಮ್ಮದು. ಒಳಗೆ ನಾವು ಮಾಡಬಹುದಾದದ್ದು ಕತ್ತರಿಸುವುದಷ್ಟೆ, ಸೇರಿಸುವಂತಿಲ್ಲ. ಕಾಗುಣಿತ ತಿದ್ದಬಹುದು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡವನ್ನು ಕನ್ನಡ ಲಿಪಿಗೆ ತರಬಹುದು. ‘ಕುಡೀತಾಳೆ’ ಎಂಬುದನ್ನು ‘ಕುಡಿಯುತ್ತಾಳೆ’ ಮಾಡುವ ಅಗತ್ಯವೇ ಇಲ್ಲ. ಆಡುಮಾತು ಹಾಗೇ ಇದ್ದರೆ ಓದುವವರಿಗೆ ಯಾರೋ ನಿಜವಾಗಿ ಹೇಳಿದ್ದು ಅನ್ನಿಸುತ್ತದೆ. ರಿವ್ಯೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದು ನಾವು ಕನ್ನಡಕ್ಕೆ ತಂದಿದ್ದರೆ ‘ಅನುವಾದ’ ಎಂದು ಒಂದು ಪದ ಹಾಕಬೇಕು, ಏಕೆಂದರೆ ಆಗ ಪದಗಳನ್ನು ಆರಿಸಿದವರು ನಾವು.

ಕತ್ತರಿಸುವುದಕ್ಕೂ ಮಿತಿಯುಂಟು. ಪಾರ್ಸೆಲ್ ತಡವಾದ ಮಾತನ್ನು ಬಿಡಬಹುದೆ? ಕ್ಯಾಪ್ಷನ್ ರುಚಿಯ ಬಗ್ಗೆ ಮಾತ್ರ ಇದ್ದರೆ ಬಿಡಬಹುದು. ‘ಬೇಗ ತಲುಪಿಸುತ್ತೇವೆ’ ಎಂದು ಅದೇ ಪೋಸ್ಟಿನಲ್ಲಿ ಬರೆದುಕೊಂಡರೆ ಬಿಡುವಂತಿಲ್ಲ. ಸಿಹಿ ಜಾಸ್ತಿ ಎಂದ ಮಾತಿನ ಕಥೆ ಬೇರೆ. ಅದು ರುಚಿಯ ಬಗ್ಗೆಯೇ ಆಡಿದ ಮಾತು. ರುಚಿಯ ಹೊಗಳಿಕೆ ಇಟ್ಟುಕೊಂಡು ರುಚಿಯ ತಕರಾರು ಬಿಟ್ಟರೆ ಅಭಿಪ್ರಾಯದ ಬಣ್ಣವೇ ಬದಲಾಗುತ್ತದೆ. ನಾನು ಬಳಸುವ ಪರೀಕ್ಷೆ ಒಂದೇ: ಕ್ಯಾಪ್ಷನ್ ಓದಿ ಪ್ಯಾಕೆಟ್ ತರಿಸಿಕೊಂಡವರ ಕೈಗೆ ಆಮೇಲೆ ಪೂರ್ತಿ ಮೆಸೇಜು ಸಿಕ್ಕರೆ, ‘ಇದನ್ನ ಮುಚ್ಚಿಟ್ರಲ್ಲ’ ಅನ್ನುತ್ತಾರೆಯೆ? ಅನ್ನುವಂತಿದ್ದರೆ ಕತ್ತರಿ ತಪ್ಪಾದ ಕಡೆ ಬಿದ್ದಿದೆ.

ಇನ್ನು ಶುಗರಿನ ವಿಷಯ. ‘ನಾವು ಹೇಳಿದ್ದಲ್ಲವಲ್ಲ, ಗ್ರಾಹಕಿ ಹೇಳಿದ್ದು’ ಎಂದ ಹುಡುಗ. ಬಹಳಷ್ಟು ಜನ ಜಾರುವುದು ಇಲ್ಲೇ. ಆಕೆ ಅದನ್ನು ಅತ್ತಿಗೆಗೆ ಬರೆದಾಗ ಅದು ಇಬ್ಬರ ನಡುವಿನ ಮಾತು. ಅದನ್ನು ಆರಿಸಿ, ಪ್ಯಾಕೆಟ್ಟಿನ ಫೋಟೊ ಕೆಳಗೆ, ಮಾರುವ ಉದ್ದೇಶದಿಂದ ಹಾಕಿದ ಗಳಿಗೆಯಲ್ಲಿ ಅದು ಜಾಹೀರಾತು, ಹೊಣೆ ಮಾರುವವರದು. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಜಾಹೀರಾತುಗಳಿಗೆಂದೇ ನಿಯಮ ತಂದಿದೆ. ತಿನ್ನುವ ಪದಾರ್ಥವೊಂದು ಕಾಯಿಲೆಯನ್ನು ತಡೆಯುತ್ತದೆ, ಇಳಿಸುತ್ತದೆ, ವಾಸಿ ಮಾಡುತ್ತದೆ ಎಂದು ವಿಶೇಷ ಅನುಮತಿಯಿಲ್ಲದೆ ಹೇಳಿಕೊಳ್ಳುವಂತಿಲ್ಲ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ.

ಕಾನೂನನ್ನು ಬದಿಗಿಟ್ಟು ನೋಡಿದರೂ ಆ ಮಾತು ನಿಲ್ಲುವುದಿಲ್ಲ. ಅತ್ತೆಯವರು ಅದೇ ತಿಂಗಳು ಮಾತ್ರೆ ಬದಲಿಸಿರಬಹುದು, ಅನ್ನ ಕಡಿಮೆ ಮಾಡಿರಬಹುದು, ನಡೆಯಲು ಶುರು ಮಾಡಿರಬಹುದು. ಅದರ ಮೇಲೆ, ಇದು ಬೆಲ್ಲ ಹಾಕಿದ ಮಾಲ್ಟ್. ಕ್ಯಾಪ್ಷನ್ ನಂಬಿ ಸಕ್ಕರೆ ಕಾಯಿಲೆಯವರೊಬ್ಬರು ದಿನಕ್ಕೆರಡು ಲೋಟ ಕುಡಿದರೆ ಏನಾಗಬಹುದು ಎಂದು ಕೇಳಿದೆ. ಹುಡುಗ ಸುಮ್ಮನಾದ. ಆ ಸಾಲು ಹೋಯಿತು. ಅದನ್ನು ಮೃದು ಮಾಡಿ ಉಳಿಸುವ ದಾರಿಯೇ ಇಲ್ಲ. ‘ಅತ್ತೆಗೂ ಹಿತವಾಗಿದೆ’ ಎಂದು ಬರೆದರೂ ಅದೇ ಹೇಳಿಕೆ ಹಿಂಬಾಗಿಲಿನಿಂದ ಬಂದಂತೆ.

ಆ ಸಾಲಿನಲ್ಲಿ ಇನ್ನೊಂದು ತೊಡಕೂ ಇತ್ತು. ಶುಗರ್ ಇರುವುದು ಅತ್ತೆಗೆ, ಮೆಸೇಜು ಮಾಡಿದ್ದು ಸೊಸೆ. ತನ್ನ ಅಭಿಪ್ರಾಯಕ್ಕೆ ಸೊಸೆ ಒಪ್ಪಿಗೆ ಕೊಡಬಹುದು, ಅತ್ತೆಯ ಕಾಯಿಲೆಯನ್ನು ಊರಿಗೆ ಸಾರಲು ಅವರ ಪರವಾಗಿ ಕೊಡುವಂತಿಲ್ಲ. ರಿವ್ಯೂ ಒಳಗೆ ಬರುವ ಪ್ರತಿಯೊಬ್ಬರನ್ನೂ ಎಣಿಸಿ ನೋಡುವುದು ಒಳ್ಳೆಯ ಅಭ್ಯಾಸ. ಇಲ್ಲಿ ಮೂವರಿದ್ದಾರೆ: ಬರೆದಾಕೆ, ಅತ್ತೆ, ಒಂದು ಮಗು.

ಒಪ್ಪಿಗೆ ಎಂದಾಗ ಜನ ಸಾಮಾನ್ಯವಾಗಿ ಕೇಳುವುದು ಹೀಗೆ: ‘ಮೇಡಂ, ನಿಮ್ಮ ರಿವ್ಯೂ ಹಾಕ್ಕೋಬಹುದಾ?’ ಅತ್ತ ಕಡೆಯಿಂದ ಒಂದು ಹೆಬ್ಬೆರಳು ಬರುತ್ತದೆ. ಆಕೆ ಯಾವುದಕ್ಕೆ ಒಪ್ಪಿದರು? ಪೂರ್ತಿ ಮೆಸೇಜಿಗೋ, ತುಂಡಿಗೋ? ಹೆಸರಿಗೋ, ಫೋಟೊಗೋ? ವಾಟ್ಸ್ಆ್ಯಪ್ ಸ್ಟೇಟಸ್ಸಿಗೋ, ಪ್ಯಾಕೆಟ್ ಮೇಲೆ ಅಚ್ಚು ಹಾಕುವುದಕ್ಕೋ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಹೇಗಿರಬೇಕು ಎಂದು ವಿವರಿಸುತ್ತದೆ: ಒತ್ತಾಯವಿಲ್ಲದೆ, ಷರತ್ತಿಲ್ಲದೆ, ವಿಷಯ ತಿಳಿದು, ಇಂಥದ್ದಕ್ಕೇ ಎಂದು ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸು ಪಡೆಯುವಂತಿರಬೇಕು. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು. ಇಷ್ಟನ್ನು ಒಂದು ಪುಟ್ಟ ಮನೆ ವ್ಯಾಪಾರಕ್ಕೆ ಇಳಿಸಿದರೆ ಒಂದೇ ಮೆಸೇಜು ಸಾಕಾಗುತ್ತದೆ. ಮೊದಲು ಕ್ಯಾಪ್ಷನ್ ಬರೆದು ಮುಗಿಸಬೇಕು, ಆಮೇಲೆ ಅದನ್ನೇ ಮುಂದಿಟ್ಟು ಕೇಳಬೇಕು. ನಾವು ಕಳಿಸಿದ್ದು ಹೀಗಿತ್ತು:

‘ನಮಸ್ಕಾರ ಮೇಡಂ. ನಿಮ್ಮ ಮೆಸೇಜಿನಿಂದ ಈ ಕೆಳಗಿನ ಸಾಲುಗಳನ್ನು ನಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ, ಪ್ಯಾಕೆಟ್ಟಿನ ಫೋಟೊ ಜೊತೆ ಹಾಕಬಹುದೇ? “ರುಚಿ ನಿಜವಾಗ್ಲೂ ಚೆನ್ನಾಗಿದೆ, ಏಲಕ್ಕಿ ಘಮ ಹದವಾಗಿದೆ. ಹಾಲು ಅಂದ್ರೆ ಮುಖ ತಿರುಗಿಸ್ತಿದ್ದ ನನ್ನ ಮಗಳು ದಿನಾ ಒಂದು ಲೋಟ ಕುಡೀತಾಳೆ. ... ನನಗೆ ಸಿಹಿ ಒಂಚೂರು ಜಾಸ್ತಿ ಅನ್ನಿಸ್ತು.” ಹೆಸರು ಹೇಗೆ ಹಾಕಬೇಕು, ಅಥವಾ ಬೇಡವೋ ತಿಳಿಸಿ. ನಿಮ್ಮ ಫೋಟೊ ಬಳಸುವುದಿಲ್ಲ. ಏನಾದರೂ ಬದಲಾಗಬೇಕಿದ್ದರೆ ಹೇಳಿ. ಬೇಡ ಅಂದರೂ ಬೇಜಾರಿಲ್ಲ. ಮುಂದೆ ಯಾವಾಗ ತೆಗೆಯಿರಿ ಅಂದರೂ ತೆಗೆಯುತ್ತೇವೆ.’

ಮಧ್ಯದ ಮೂರು ಚುಕ್ಕಿ ಏನನ್ನೋ ಬಿಟ್ಟಿದ್ದೇವೆ ಎಂದು ತಿಳಿಸುತ್ತದೆ. ಎರಡು ದಿನ ಉತ್ತರ ಬರಲಿಲ್ಲ. ‘ನೀಲಿ ಟಿಕ್ ಬಿದ್ದಿದೆ, ಹಾಕ್ಬಿಡಲಾ?’ ಎಂದು ಹುಡುಗ ಕೇಳಿದ. ಮೌನ ಸಮ್ಮತಿ ಲಕ್ಷಣ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅತ್ತಿಗೆ, ‘ಮುಂದಿನ ಪ್ಯಾಕೆಟ್ಟಿಗೆ ಐವತ್ತು ರೂಪಾಯಿ ಬಿಡ್ತೀವಿ ಅಂತ ಹೇಳೋಣವಾ?’ ಎಂದರು. ಅದೂ ಬೇಡವೆಂದೆ. ರಿಯಾಯಿತಿ ಕೊಟ್ಟರೆ ಅದನ್ನೂ ಪೋಸ್ಟಿನಲ್ಲಿ ಹೇಳಬೇಕಾಗುತ್ತದೆ, ಹೇಳಿದರೆ ಓದುವವರು ಮಾತನ್ನು ಅಷ್ಟರಮಟ್ಟಿಗೆ ಕಳೆದು ಓದುತ್ತಾರೆ.

ಮೂರನೆಯ ದಿನ ಉತ್ತರ ಬಂತು: ‘ಹಾಕಿ, ಪರವಾಗಿಲ್ಲ. ಆದ್ರೆ ಸ್ಕೂಲ್ ಶುರುವಾದ ಮೇಲೆ ದಿನಾ ಕುಡಿಯೋಕೆ ಆಗ್ತಿಲ್ಲ, ವಾರದಲ್ಲಿ ಮೂರ್ನಾಲ್ಕು ದಿನ ಅಷ್ಟೇ. ಹಾಗೆ ಬದಲಾಯಿಸಿ. ಹೆಸರು ಬೇಡ, ಮೈಸೂರು ಅಂತಿದ್ರೆ ಸಾಕು.’

ಹುಡುಗನಿಗೆ ಸ್ವಲ್ಪ ನಿರಾಸೆ. ನನಗೆ ಮಾತ್ರ ಇಡೀ ವ್ಯವಹಾರದಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದೇ ಅನ್ನಿಸಿತು. ನಾವು ಒಂದಕ್ಷರ ಬದಲಿಸದೆ ಹಾಕಿದ್ದರೂ ‘ದಿನಾ’ ಎಂಬ ಮಾತು ಅಷ್ಟರಲ್ಲಿ ಸುಳ್ಳಾಗಿತ್ತು, ಮತ್ತು ಅದು ಗೊತ್ತಿದ್ದದ್ದು ಆಕೆಗೆ ಮಾತ್ರ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಕೇಳುತ್ತದೆ: ಜಾಹೀರಾತಿನಲ್ಲಿ ಬಳಸುವ ಶಿಫಾರಸು ಆ ವ್ಯಕ್ತಿಯ ನಿಜವಾದ, ಸಾಕಷ್ಟು ಇತ್ತೀಚಿನ ಅಭಿಪ್ರಾಯವಾಗಿರಬೇಕು, ವಸ್ತುವಿನ ಬಗ್ಗೆ ತಕ್ಕ ಮಾಹಿತಿ ಅಥವಾ ಅನುಭವದಿಂದ ಬಂದದ್ದಾಗಿರಬೇಕು. ಇತ್ತೀಚಿನದೋ ಅಲ್ಲವೋ ಎಂದು ತಿಳಿಯಲು ಕೇಳದೆ ಬೇರೆ ದಾರಿಯಿಲ್ಲ. ಅಂದರೆ ಒಪ್ಪಿಗೆಯ ಮೆಸೇಜೇ ಕರಡು ತಿದ್ದುವ ಕೆಲಸವನ್ನೂ ಮಾಡಿತು.

ಎಲ್ಲ ಮುಗಿದ ಮೇಲೆ ಅತ್ತಿಗೆಯ ಫೋನಿನಲ್ಲಿ ಒಂದು ಫೋಲ್ಡರ್ ಮಾಡಿಸಿದೆ. ಒಂದೊಂದು ರಿವ್ಯೂಗೆ ಮೂರು ಸ್ಕ್ರೀನ್‌ಶಾಟ್: ಮೂಲ ಮೆಸೇಜು, ಒಪ್ಪಿಗೆ ಕೇಳಿದ್ದು ಮತ್ತು ಬಂದ ಉತ್ತರ, ಕೊನೆಗೆ ಹಾಕಿದ ಪೋಸ್ಟು. ಜೊತೆಗೆ ಯಾವ ತಯಾರಿಯ ಪ್ಯಾಕೆಟ್ಟಿಗೆ ಬಂದ ಮಾತು ಎಂಬ ಒಂದು ಟಿಪ್ಪಣಿ. ಆ ಟಿಪ್ಪಣಿ ಬೇಗನೆ ಕೆಲಸಕ್ಕೆ ಬಂತು. ಅತ್ತಿಗೆ ಆಕೆ ಕೇಳಿದಂತೆಯೇ ಬೆಲ್ಲ ಹಾಕದ ಮಾಲ್ಟ್ ಮಾಡಿದರು. ಹುಡುಗ ಹೊಸ ಪ್ಯಾಕೆಟ್ಟಿನ ಫೋಟೊ ಕೆಳಗೆ ಅದೇ ಹಳೇ ಹೊಗಳಿಕೆ ಅಂಟಿಸಲು ಹೊರಟಿದ್ದ. ಆಕೆ ರುಚಿ ನೋಡಿದ್ದು ಬೆಲ್ಲ ಇದ್ದದ್ದನ್ನು, ಹೊಸದನ್ನು ಬಾಯಿಗೂ ಇಟ್ಟಿಲ್ಲ.

ಕೊನೆಗೆ ಹಳೇ ಪ್ಯಾಕೆಟ್ಟಿನ ಫೋಟೊ ಕೆಳಗೆ ಹೋದದ್ದು ಇದು:

‘ರುಚಿ ನಿಜವಾಗ್ಲೂ ಚೆನ್ನಾಗಿದೆ, ಏಲಕ್ಕಿ ಘಮ ಹದವಾಗಿದೆ. ಹಾಲು ಅಂದ್ರೆ ಮುಖ ತಿರುಗಿಸ್ತಿದ್ದ ನನ್ನ ಮಗಳು ವಾರದಲ್ಲಿ ಮೂರ್ನಾಲ್ಕು ದಿನ ಒಂದು ಲೋಟ ಕುಡೀತಾಳೆ. ... ನನಗೆ ಸಿಹಿ ಒಂಚೂರು ಜಾಸ್ತಿ ಅನ್ನಿಸ್ತು.’ – ಗ್ರಾಹಕಿ, ಮೈಸೂರು

ಉದ್ಧರಣ ಚಿಹ್ನೆಯ ಹೊರಗೆ ಅತ್ತಿಗೆಯ ಮಾತು ಒಂದೇ ಸಾಲು: ‘ಸಿಹಿ ಬೇಡ ಅನ್ನುವವರಿಗೆ ಬೆಲ್ಲ ಹಾಕದ್ದೂ ಈಗ ಇದೆ.’

ಆ ಪೋಸ್ಟು ನೋಡಿ ಮೊದಲು ಬಂದ ಪ್ರಶ್ನೆ ಬೆಲ್ಲ ಹಾಕದ ಪ್ಯಾಕೆಟ್ಟಿನ ಬೆಲೆ ಎಷ್ಟು ಎಂಬುದು.