ಕೌಂಟರಿನ ಆಚೆ ನಿಂತವರ ಕಣ್ಣಿಗೆ ಏನು ಕಾಣಬೇಕು?

ದಿನಸಿ ಅಂಗಡಿಯ ಸರಕಿನಲ್ಲಿ ಎರಡು ಬಗೆ. ಅಕ್ಕಿ, ಸಕ್ಕರೆ, ಎಣ್ಣೆ, ಉಪ್ಪು, ತೊಗರಿಬೇಳೆ ಇಂಥವು ಗಿರಾಕಿ ಮನೆಯಿಂದ ಹೊರಡುವಾಗಲೇ ಚೀಟಿಯಲ್ಲೋ ಮನಸ್ಸಿನಲ್ಲೋ ಬರೆದುಕೊಂಡು ಬರುವ ಸಾಮಾನು. ಏಲಕ್ಕಿ, ಗೋಡಂಬಿ, ಖರ್ಜೂರ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಹುರಿದ ಕಡಲೆಬೀಜ, ಚಿಕ್ಕಿ ಇವು ಕಂಡಾಗ ನೆನಪಾಗುವ ಸಾಮಾನು. ಮೊದಲನೆಯ ಬಗೆಯ ಬೆಲೆ ಬೀದಿಯವರಿಗೆಲ್ಲ ಬಾಯಿಪಾಠ. ಪಕ್ಕದ ಅಂಗಡಿಯಲ್ಲಿ ಸಕ್ಕರೆ ಒಂದು ರೂಪಾಯಿ ಕಡಿಮೆ ಎಂದು ತಿಳಿದರೆ ಗಿರಾಕಿ ಅತ್ತ ಹೋಗುತ್ತಾರೆ. ಹಾಗಾಗಿ ಸಕ್ಕರೆ, ಎಣ್ಣೆಗಳಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಅಂಗಡಿಯವರಿಗೆ ಉಳಿಯುವುದು ಕೆಲವೇ ರೂಪಾಯಿ. ಎರಡನೆಯ ಬಗೆಯಲ್ಲಿ, ಅದರಲ್ಲೂ ಸಗಟಾಗಿ ತಂದು ಅಂಗಡಿಯಲ್ಲೇ ಪೊಟ್ಟಣ ಕಟ್ಟುವ ಸರಕಿನಲ್ಲಿ, ನೂರಕ್ಕೆ 15ರಿಂದ 25 ರೂಪಾಯಿ ಉಳಿಯುವುದುಂಟು. ಕಂಪನಿಯ ಬಿಸ್ಕತ್ತು, ಸೋಪುಗಳು ಇವೆರಡರ ನಡುವೆ ನಿಲ್ಲುತ್ತವೆ. ಸರಕು ಜೋಡಿಸುವ ಕೆಲಸವೆಲ್ಲ ಈ ವ್ಯತ್ಯಾಸದಿಂದಲೇ ಶುರುವಾಗುತ್ತದೆ. ಕೇಳಿ ಪಡೆಯುವ ಸಾಮಾನು ಹಿಂದೆ ಇದ್ದರೂ ಮಾರಾಟವಾಗುತ್ತದೆ. ಕಂಡು ಕೊಳ್ಳುವ ಸಾಮಾನು ಮುಂದೆ ಇಲ್ಲದಿದ್ದರೆ ಮಾರಾಟವಾಗುವುದೇ ಇಲ್ಲ.

ಆದರೆ ಬಹಳಷ್ಟು ಅಂಗಡಿಗಳಲ್ಲಿ ಆಗಿರುವುದು ಇದರ ತಿರುವುಮುರುವು. ಬಾಗಿಲ ಬಳಿ ಅಕ್ಕಿ ಮೂಟೆ, ಕೌಂಟರಿನ ಮೇಲೆ ಸಾಲಾಗಿ ಬಿಸ್ಕತ್ತು, ಮೇಲಿನಿಂದ ಶಾಂಪೂ ಮತ್ತು ಚಿಪ್ಸಿನ ಸರಗಳು. ಏಲಕ್ಕಿ, ಗೋಡಂಬಿಯ ಡಬ್ಬಗಳು ಮಾತ್ರ ಒಳಗೋಡೆಯ ಮೂಲೆಯಲ್ಲಿ.

ಅಂಗಡಿ ಜೋಡಣೆಯ ಬಗ್ಗೆ ಪುಸ್ತಕಗಳು ಹೇಳುವ ಸೂತ್ರಗಳು ಹುಟ್ಟಿದ್ದು ಗಿರಾಕಿಯೇ ಬುಟ್ಟಿ ಹಿಡಿದು ಓಡಾಡುವ ಅಂಗಡಿಗಳಲ್ಲಿ. ಅಮೆರಿಕದ ಮೆಂಫಿಸ್ ನಗರದಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ‘ಪಿಗ್ಲಿ ವಿಗ್ಲಿ’ ಆ ಬಗೆಯ ಅಂಗಡಿಗಳಿಗೆ ದಾರಿ ತೋರಿಸಿತು. ಅದಕ್ಕೂ ಮೊದಲು ಅಲ್ಲಿಯೂ ಗಿರಾಕಿ ಹೊರಗೆ ನಿಂತು ಕೇಳಬೇಕಿತ್ತು, ಅಂಗಡಿಯವರು ಒಳಗಿನಿಂದ ತೆಗೆದುಕೊಡಬೇಕಿತ್ತು. ಕರ್ನಾಟಕದ ಬೀದಿಬದಿಯ ದಿನಸಿ ಅಂಗಡಿ ಇಂದಿಗೂ ಹೆಚ್ಚಾಗಿ ಹೀಗೆಯೇ ನಡೆಯುತ್ತದೆ. ಇಲ್ಲಿ ಗಿರಾಕಿಯ ಕಾಲು ಓಡಾಡುವುದಿಲ್ಲ, ಕಣ್ಣು ಮಾತ್ರ ಓಡಾಡುತ್ತದೆ. ‘ಬೇಕಾದ ವಸ್ತುವನ್ನು ಅಂಗಡಿಯ ಕೊನೆಯಲ್ಲಿಡಿ, ಅಲ್ಲಿಗೆ ನಡೆಯುವಾಗ ಉಳಿದವನ್ನೂ ನೋಡುತ್ತಾರೆ’ ಎಂಬ ಸೂತ್ರ ಈ ಅಂಗಡಿಗೆ ಹೊಂದುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಗಿರಾಕಿ ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ, ಆ ಹೊತ್ತಿನಲ್ಲಿ ಅವರ ಕಣ್ಣ ಮುಂದೆ ಏನಿರುತ್ತದೆ ಎಂಬ ಮೂರು ಸಂಗತಿಗಳು.

ಇದನ್ನು ತಿಳಿಯಲು ಅಂಗಡಿಯವರು ಕೌಂಟರ್ ದಾಟಿ ಹೊರಗೆ ಬಂದು ಗಿರಾಕಿ ನಿಲ್ಲುವ ಜಾಗದಲ್ಲೇ ನಿಂತು ನೋಡಬೇಕು. ಒಳಗೆ ಕೂತವರಿಗೆ ಕೈಗೆಟುಕುವ ಜೋಡಣೆಯೇ ಒಳ್ಳೆಯ ಜೋಡಣೆ ಎನಿಸುತ್ತದೆ. ಹೊರಗಿನಿಂದ ಕಾಣುವ ಚಿತ್ರ ಬೇರೆ. ಗಿರಾಕಿಯಿಂದ ಒಳಗೋಡೆಯ ಕಪಾಟಿಗೆ ಸಾಮಾನ್ಯವಾಗಿ ಆರೇಳು ಅಡಿ ದೂರ. ಕೌಂಟರಿನ ಎತ್ತರಕ್ಕಿಂತ ಕೆಳಗಿರುವ ಅಟ್ಟಣಿಗೆಗಳು ಅವರಿಗೆ ಕಾಣುವುದೇ ಇಲ್ಲ. ನೆಲದಿಂದ ಸುಮಾರು ನಾಲ್ಕು ಅಡಿಯಿಂದ ಐದೂವರೆ ಅಡಿವರೆಗಿನ ಪಟ್ಟಿಯ ಮೇಲೆ ಕಣ್ಣು ಸಲೀಸಾಗಿ ನಿಲ್ಲುತ್ತದೆ. ಆರಡಿಯ ಮೇಲೆ ಇಟ್ಟದ್ದನ್ನು ಬೇಕೆಂದು ಕತ್ತೆತ್ತಿದವರು ಮಾತ್ರ ನೋಡುತ್ತಾರೆ.

ಈ ಪಟ್ಟಿಗೇ ಅಡ್ಡ ಬರುವುದು ಮೇಲಿನಿಂದ ಇಳಿಬಿಟ್ಟ ಪಾಕೀಟುಗಳ ಸರ. ಶಾಂಪೂ, ಡಿಟರ್ಜೆಂಟ್, ಚಿಪ್ಸಿನ ಹತ್ತು ಹನ್ನೆರಡು ಸರಗಳು ತೂಗಾಡಿದರೆ ಅವುಗಳ ಹಿಂದಿನ ಕಪಾಟು ಪರದೆಯ ಮರೆಯಲ್ಲಿದ್ದಂತೆ. ಶಾಂಪೂ ಪಾಕೀಟಿನಿಂದ ಬರುವುದು ಪೈಸೆಗಳ ಲೆಕ್ಕದ ಲಾಭ, ಅದನ್ನು ಗಿರಾಕಿ ಹೇಗೂ ಹೆಸರು ಹಿಡಿದೇ ಕೇಳುತ್ತಾರೆ. ಸರಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ ನಡುವೆ ಮೂರು ಅಡಿ ಅಗಲ ತೆರವು ಮಾಡುವುದು ಹಣ ಖರ್ಚಿಲ್ಲದೆ ಮಾಡಬಹುದಾದ ಮೊದಲ ಬದಲಾವಣೆ, ಮತ್ತು ಬಹುಪಾಲು ಅಂಗಡಿಗಳಿಗೆ ಅತಿ ಹೆಚ್ಚು ಪ್ರಯೋಜನದ್ದು. ತೆರವಾದ ಜಾಗದ ಹಿಂದೆ, ಕಣ್ಣಿನ ಮಟ್ಟದಲ್ಲಿ, ಒಣಹಣ್ಣು ಮತ್ತು ಮಸಾಲೆ ಬರಬೇಕು. ಒಂದೊಂದೇ ಪೊಟ್ಟಣ ಇಟ್ಟರೆ ಅಷ್ಟು ದೂರಕ್ಕೆ ಕಾಣುವುದಿಲ್ಲ. ಒಂದೇ ಸಾಮಾನಿನ ಮೂರು ನಾಲ್ಕು ಪೊಟ್ಟಣ ಪಕ್ಕಪಕ್ಕದಲ್ಲಿ ಮುಖ ತೋರಿಸಿ ನಿಲ್ಲಬೇಕು. ಅಂಗಡಿಯಲ್ಲಿ ಕಟ್ಟಿದ ಪೊಟ್ಟಣಕ್ಕೆ ಕಂಪನಿಯ ಬಣ್ಣದ ಹೊದಿಕೆ ಇರುವುದಿಲ್ಲವಾದ್ದರಿಂದ ಕಪಾಟಿನ ಅಂಚಿಗೆ ಒಂದು ಅಂಗುಲ ಎತ್ತರದ ಅಕ್ಷರಗಳಲ್ಲಿ ಹೆಸರು ಮತ್ತು ಬೆಲೆ ಬರೆದು ಅಂಟಿಸಬೇಕಾಗುತ್ತದೆ. ಬೆಲೆ ಕಾಣದಿದ್ದರೆ ‘ಜಾಸ್ತಿ ಇರಬಹುದು’ ಎಂದುಕೊಂಡು ಕೇಳುವುದಕ್ಕೇ ಹಿಂಜರಿಯುವವರು ಬಹಳ. ಕಟ್ಟಿಟ್ಟ ಪೊಟ್ಟಣದ ಮೇಲೆ ಕಟ್ಟಿದವರ ಹೆಸರು ವಿಳಾಸ, ನಿವ್ವಳ ತೂಕ, ಕಟ್ಟಿದ ತಿಂಗಳು, ಬೆಲೆ ಇರಬೇಕೆಂಬುದು ಕಾನೂನು. ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರುವಂತೆಯೂ ಇಲ್ಲ. ಆದ್ದರಿಂದ ಹೆಚ್ಚಿನ ಲಾಭ ಬರಬೇಕಾದದ್ದು ಯಾವ ಸರಕನ್ನು ಮುಂದಿಡುತ್ತೇವೆ ಎಂಬುದರಿಂದ.

ಅಂಗಡಿಯ ಅತ್ಯಂತ ಬೆಲೆಬಾಳುವ ಜಾಗ ತೂಕದ ಯಂತ್ರದ ಅಕ್ಕಪಕ್ಕ. ಬೇಳೆ ತೂಗಿ, ಪೊಟ್ಟಣ ಕಟ್ಟಿ, ಲೆಕ್ಕ ಹಾಕುವವರೆಗೆ ಗಿರಾಕಿ ಅಲ್ಲೇ ಕಾಯುತ್ತಾರೆ. ಅವರ ನೋಟ ತೂಕದ ಅಂಕಿಯ ಮೇಲಿರುತ್ತದೆ, ಆಗಾಗ ಪಕ್ಕಕ್ಕೂ ಹೊರಳುತ್ತದೆ. ಆ ಪಕ್ಕದಲ್ಲಿ ಏನಿರಬೇಕು ಎಂಬುದಕ್ಕೆ ಸಣ್ಣದೊಂದು ಲೆಕ್ಕ ಹಾಕಿ ನೋಡಬಹುದು. ಅಂಕಿಗಳು ಉದಾಹರಣೆಗೆ ಮಾತ್ರ. ತಮ್ಮ ಅಂಗಡಿಯ ಅಂಕಿಗಳನ್ನು ಅಂಗಡಿಯವರೇ ತುಂಬಿಕೊಳ್ಳಬೇಕು.

ಯಂತ್ರದ ಪಕ್ಕದ ಎರಡು ಅಡಿಯಲ್ಲಿ ಹತ್ತು ರೂಪಾಯಿಯ ಬಿಸ್ಕತ್ತುಗಳಿವೆ ಎಂದುಕೊಳ್ಳೋಣ. ಪಾಕೀಟಿಗೆ ಒಂದು ರೂಪಾಯಿ ಲಾಭ, ತಿಂಗಳಿಗೆ 300 ಪಾಕೀಟು, ಒಟ್ಟು 300 ರೂಪಾಯಿ. ಅಂಗಡಿಯಲ್ಲೇ ಕಟ್ಟಿದ 100 ಗ್ರಾಂ ಹುರಿದ ಕಡಲೆಬೀಜದ ಪೊಟ್ಟಣ ಒಳಗಿನ ಕಪಾಟಿನಲ್ಲಿದೆ. ಅಸಲು 22 ರೂಪಾಯಿ, ಮಾರಾಟ 30ಕ್ಕೆ, ತಿಂಗಳಿಗೆ 40 ಪೊಟ್ಟಣ, ಲಾಭ 320 ರೂಪಾಯಿ. ಈಗ ಎರಡರ ಜಾಗ ಅದಲುಬದಲು ಮಾಡಿದರೆ ಬಿಸ್ಕತ್ತಿನ ಮಾರಾಟ 250ಕ್ಕೆ ಇಳಿಯಬಹುದು. ಮಕ್ಕಳು ಹೆಸರು ಹೇಳಿ ಕೇಳುವುದರಿಂದ ಅದು ಪೂರ್ತಿ ಬಿದ್ದುಹೋಗುವುದಿಲ್ಲ. ಕಡಲೆಬೀಜ 90ಕ್ಕೆ ಏರಿದರೆ ಅದರ ಲಾಭ 720 ರೂಪಾಯಿ. ಬಿಸ್ಕತ್ತಿನಲ್ಲಿ 50 ರೂಪಾಯಿ ಹೋಯಿತು, ಕಡಲೆಬೀಜದಲ್ಲಿ 400 ಬಂತು. ಮೆತ್ತಗಾಗಿ ಎಸೆಯಬೇಕಾದ ಐದು ಪೊಟ್ಟಣದ ಅಸಲು 110 ರೂಪಾಯಿ ಕಳೆದರೆ ತಿಂಗಳಿಗೆ ಉಳಿಯುವುದು 240 ರೂಪಾಯಿ. ದೊಡ್ಡ ಮೊತ್ತವೇನಲ್ಲ, ಆದರೆ ಅದು ಎರಡೇ ಅಡಿ ಜಾಗದ ಗಳಿಕೆ, ಹೊಸ ಬಂಡವಾಳವಿಲ್ಲದೆ ಬಂದದ್ದು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಲಾಭಾಂಶ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಸರಕನ್ನು ಮುಂದಿಟ್ಟರೆ ಸಾಲದು. ಪೊಟ್ಟಣಕ್ಕೆ 60 ರೂಪಾಯಿ ಉಳಿಯುವ ಕೇಸರಿ ತಿಂಗಳಿಗೆ ಒಂದೇ ಮಾರಾಟವಾದರೆ ಆ ಜಾಗ ಅದಕ್ಕೆ ದಂಡ. ಒಂದು ಪೊಟ್ಟಣದ ಲಾಭವನ್ನು ತಿಂಗಳ ಮಾರಾಟದಿಂದ ಗುಣಿಸಿ, ಅದು ಹಿಡಿದ ಅಡಿಗಳಿಂದ ಭಾಗಿಸಿದಾಗ ಬರುವ ಅಂಕಿಯೇ ಜಾಗದ ನಿಜವಾದ ಅಳತೆ.

ಕಂಪನಿಯ ಮಾರಾಟ ಪ್ರತಿನಿಧಿಗಳು ಕೌಂಟರಿನ ಜಾಗಕ್ಕೆ ತಿಂಗಳ ಬಾಡಿಗೆಯನ್ನೋ ಉಚಿತ ಸ್ಟ್ಯಾಂಡನ್ನೋ ಕೊಡಲು ಬಂದಾಗಲೂ ಉಪಯೋಗಕ್ಕೆ ಬರುವುದು ಇದೇ ಅಂಕಿ. ಅಡಿಗೆ 200 ರೂಪಾಯಿ ದುಡಿಯುವ ಜಾಗವನ್ನು ನೂರು ರೂಪಾಯಿಗೆ ಬಿಟ್ಟುಕೊಟ್ಟು ಬಾಡಿಗೆ ಬಂತೆಂದು ಹಿಗ್ಗುವ ಅಂಗಡಿಗಳಿವೆ.

ಯಂತ್ರದ ಪಕ್ಕದ ಜಾಗಕ್ಕೂ ಮಿತಿಯಿದೆ. ತೂಕದ ಅಂಕಿಗೆ ಜಾಡಿ ಅಡ್ಡ ಬಂದರೆ ಗಿರಾಕಿಯ ಮನಸ್ಸಿನಲ್ಲಿ ಅನುಮಾನ ಮೂಡುತ್ತದೆ, ಅದು ಯಾವ ಲಾಭದಿಂದಲೂ ಅಳಿಸುವುದಿಲ್ಲ. ಚೀಲ ಇಟ್ಟುಕೊಳ್ಳಲು ಒಂದೂವರೆ ಅಡಿಯಾದರೂ ಖಾಲಿ ಬಿಡಬೇಕು. ಮಗುವಿನ ಕೈಗೆ ನೇರ ಸಿಗುವಂತೆ ಚಾಕೊಲೇಟ್ ಇಟ್ಟರೆ ಆ ದಿನದ ಮಾರಾಟ ಏರುತ್ತದೆ ನಿಜ. ಆದರೆ ವಾರಕ್ಕೆ ಮೂರು ನಾಲ್ಕು ಸಲ ಬರುವ ತಾಯಿ ಪ್ರತಿಸಲವೂ ಮಗುವಿನ ಹಟ ತಾಳಬೇಕಾದರೆ ಬೇರೆ ಅಂಗಡಿಯ ದಾರಿ ಹಿಡಿಯುತ್ತಾಳೆ. ಬಡಾವಣೆಯ ಅಂಗಡಿಗೆ ಅದು ನಷ್ಟದ ವ್ಯಾಪಾರ.

ಒಂದು ಸಾಮಾನು ಇನ್ನೊಂದನ್ನು ನೆನಪಿಸುವಂತೆ ಪಕ್ಕಪಕ್ಕದಲ್ಲಿ ಇಡುವುದೂ ಫಲ ಕೊಡುತ್ತದೆ. ಅವಲಕ್ಕಿಯ ಪಕ್ಕ ಹುರಿಗಡಲೆ ಮತ್ತು ಕಡಲೆಬೀಜ, ಶ್ಯಾವಿಗೆ ಮತ್ತು ಸಣ್ಣ ರವೆಯ ಪಕ್ಕ ಏಲಕ್ಕಿ, ದ್ರಾಕ್ಷಿ, ಗೋಡಂಬಿಯ ಸಣ್ಣ ಪೊಟ್ಟಣ, ಬೇಳೆಯ ಪಕ್ಕ ಸಾರಿನ ಪುಡಿ. ರವೆ ಕೇಳಿದವರಿಗೆ ಅಂಗಡಿಯವರು ತೆಗೆದುಕೊಡುವಾಗ ನೋಟ ಆ ಕೈಯನ್ನೇ ಹಿಂಬಾಲಿಸುತ್ತದೆ. ಕೇಸರಿಬಾತಿಗೆ ದ್ರಾಕ್ಷಿ ಮನೆಯಲ್ಲಿ ಮುಗಿದಿರುವುದು ಆಗಲೇ ನೆನಪಾಗುತ್ತದೆ. ಊದುಬತ್ತಿ, ಕರ್ಪೂರ, ಸೋಪುಗಳು ಮಾತ್ರ ಈ ಗುಂಪಿನಿಂದ ದೂರವಿರಬೇಕು. ಚಹಾಪುಡಿ, ಕಾಫಿಪುಡಿ, ಗೋಡಂಬಿ ಬೇಗ ವಾಸನೆ ಹೀರುತ್ತವೆ, ಊದುಬತ್ತಿಯ ಘಮದ ಗೋಡಂಬಿಯನ್ನು ಯಾರೂ ಎರಡನೆಯ ಸಲ ಕೊಳ್ಳುವುದಿಲ್ಲ. ಬಿಸಿಲು ಬೀಳುವ ಮುಂಭಾಗದಲ್ಲಿ ಗಾಜಿನ ಜಾಡಿಯ ಒಣಹಣ್ಣು ಚೆಂದ ಕಾಣುತ್ತದೆ, ಆದರೆ ಬೇಗ ಕಮಟು ಹಿಡಿಯುತ್ತದೆ. ಹೊಸ ಸರಕನ್ನು ಹಳೆಯದರ ಹಿಂದೆ ಇಡುವ ಕ್ರಮ ಮುಂದಿನ ಸಾಲಿಗೆ ಇನ್ನೂ ಕಟ್ಟುನಿಟ್ಟಾಗಿ ಬೇಕು.

ಜೋಡಣೆ ಬದಲಿಸಿದ್ದು ಫಲಿಸಿತೇ ಎಂದು ತಿಳಿಯಲು ಅಂದಾಜು ಸಾಲದು. ತಿಂಗಳ ಮೊದಲ ವಾರ ಸಂಬಳದ ವಾರ; ಆಗ ಎಲ್ಲ ಸರಕೂ ಹೆಚ್ಚು ಹೋಗುತ್ತದೆ, ಕೊನೆಯ ವಾರದಲ್ಲಿ ಎಲ್ಲವೂ ಇಳಿಯುತ್ತದೆ. ಆದ್ದರಿಂದ ಕಳೆದ ತಿಂಗಳ ಎರಡನೆಯ ವಾರವನ್ನು ಈ ತಿಂಗಳ ಎರಡನೆಯ ವಾರದ ಜೊತೆಗೇ ಹೋಲಿಸಬೇಕು. ವಾರದ ಆರಂಭದ ದಾಸ್ತಾನಿಗೆ ಬಂದ ಸರಕು ಕೂಡಿಸಿ, ಕೊನೆಯಲ್ಲಿ ಉಳಿದದ್ದನ್ನೂ ಎಸೆದದ್ದನ್ನೂ ಕಳೆದರೆ ಮಾರಾಟದ ಸಂಖ್ಯೆ ಸಿಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಮಾತ್ರ ಯಾವುದರಿಂದ ಏನಾಯಿತೆಂದು ಗೊತ್ತಾಗುತ್ತದೆ. ಒಂದು ಚಹಾಪುಡಿಯ ಮಾರಾಟ ಏರಿದಾಗ ಪಕ್ಕದ ಚಹಾಪುಡಿಯದು ಅಷ್ಟೇ ಇಳಿದಿದ್ದರೆ ಗಳಿಕೆ ಎರಡರ ಲಾಭದ ವ್ಯತ್ಯಾಸವಷ್ಟೆ.

ಹಬ್ಬಗಳಲ್ಲಿ ಈ ಜೋಡಣೆಯೇ ತಾತ್ಕಾಲಿಕವಾಗಿ ಬದಲಾಗಬೇಕು. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬಿಡಿಬಿಡಿಯಾಗಿ ಮಾರಿದರೆ ಬರುವ ಲಾಭಕ್ಕಿಂತ ಅಚ್ಚುಕಟ್ಟಾಗಿ ಹೆಚ್ಚಿ ಬೆರೆಸಿ ಕಟ್ಟಿದ ಎಳ್ಳುಬೆಲ್ಲದ ಲಾಭ ಹೆಚ್ಚು. ಹೆಚ್ಚುವ ಕೆಲಸಕ್ಕೆ ಪುರುಸೊತ್ತಿಲ್ಲದ ಮನೆಗಳು ಅದನ್ನೇ ಹುಡುಕುತ್ತವೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ಬಿಡಿ ಸಾಮಾನು ತೂಕದ ಯಂತ್ರದ ಪಕ್ಕಕ್ಕೆ ಬರಬೇಕು, ಏಕೆಂದರೆ ಮನೆಯಲ್ಲೇ ಮಾಡುವವರು ಬೇಗ ಕೊಳ್ಳುತ್ತಾರೆ. ಕೊನೆಯ ನಾಲ್ಕೈದು ದಿನ ಅದೇ ಜಾಗ ಬೆರೆಸಿದ ಪೊಟ್ಟಣಗಳದ್ದು. ಬೆರೆಸಿದ್ದನ್ನು ಮತ್ತೆ ಬಿಡಿಸಲಾಗದು, ಹಬ್ಬ ಕಳೆದ ಮೇಲೆ ಕೇಳುವವರೂ ಇರುವುದಿಲ್ಲ. ಹಾಗಾಗಿ ಹಿಂದಿನ ದಿನ ಎಷ್ಟು ಹೋಯಿತೆಂದು ನೋಡಿಕೊಂಡು ಆಯಾ ದಿನಕ್ಕೆ ಬೇಕಾದಷ್ಟೇ ಕಟ್ಟುವುದು ರೂಢಿ. ಬೆರೆಸದೆ ಉಳಿದ ಕಡಲೆಬೀಜ, ಹುರಿಗಡಲೆ ಹಬ್ಬದ ಮರುದಿನ ಅವಲಕ್ಕಿಯ ಪಕ್ಕಕ್ಕೆ ಹೋಗುತ್ತವೆ.