ಅಭಿ, ಕರ್ಣ, ಕುಕ್ಷಿ, ಅಪ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಮಾನವ ಹೃದಯದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡಾಡಲು ಶುರುಮಾಡುತ್ತದೆ. ಶಿವಮೊಗ್ಗದ ಕೋಟೆಯಲ್ಲಿರುವ ನನ್ನ ತಂಗಿಯ ಮಗಳಿಗೂ ಹೀಗೇ ಒಂದು ಚಿತ್ರ ಬಂದಿತ್ತು. ಭದ್ರಾವತಿಯ ಹಳೇನಗರದ ಗೆಳತಿ ಪಾಠಪುಸ್ತಕದ ಪುಟದ ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಿದ್ದಳು. ಪುಟ ಮಡಚಿದ ಕಡೆ ನೆರಳು ಬಿದ್ದಿತ್ತು, ಹೆಸರುಗಳು ಮಸುಕಾಗಿದ್ದವು. ಅದನ್ನೇ ನೋಡಿಕೊಂಡು ಹುಡುಗಿ ನೋಟ್ಸ್ ಬರೆಯುತ್ತಿದ್ದಳು.

"ಮಾವ, ಇದು ಅಪಧಮನಿನೋ ಅಭಿಧಮನಿನೋ ಗೊತ್ತಾಗ್ತಿಲ್ಲ. ಎರಡೂ ಒಂದೇ ಥರ ಕಾಣ್ತಿದೆ" ಎಂದಳು.

ನಿಜವೇ. ಫೋಟೋ ಕುಗ್ಗಿದಾಗ ಮೊದಲು ಅಳಿಸಿಹೋಗುವುದು ಅಕ್ಷರಗಳ ಸಣ್ಣ ಗೆರೆಗಳು. 'ಪ' ಯಾವುದು, 'ಭಿ' ಯಾವುದು ಎಂದು ತಿಳಿಯುವುದಿಲ್ಲ. ಹೃದಯದ ಚಿತ್ರದಲ್ಲಿ ಇದು ಸಣ್ಣ ತೊಂದರೆಯಲ್ಲ, ಏಕೆಂದರೆ ಆ ಒಂದು ಅಕ್ಷರದಲ್ಲೇ ರಕ್ತ ಹರಿಯುವ ದಿಕ್ಕು ಅಡಗಿದೆ. ಫೋಟೋ ದೊಡ್ಡದು ಮಾಡಿ ಎಷ್ಟು ಕಣ್ಣು ಕಿರಿದುಮಾಡಿದರೂ ಪ್ರಯೋಜನವಿಲ್ಲ. ಹೆಸರು ಬಿಟ್ಟು ಕೊಳವೆಯನ್ನು ಹಿಂಬಾಲಿಸಬೇಕು. ಕೊಳವೆಯ ಬುಡ ಹೃತ್ಕುಕ್ಷಿಗೆ, ಅಂದರೆ ಕೆಳಗಿನ ಕೋಣೆಗೆ ಸೇರಿದ್ದರೆ ಅದು ಅಪಧಮನಿ. ಹೃತ್ಕರ್ಣಕ್ಕೆ, ಅಂದರೆ ಮೇಲಿನ ಕೋಣೆಗೆ ಸೇರಿದ್ದರೆ ಅಭಿಧಮನಿ. ಈ ಪಾಠದ ಚಿತ್ರದಲ್ಲಿ ಇದಕ್ಕೆ ಅಪವಾದವೇ ಇಲ್ಲ. ನೆನಪಿಗೆ ಒಂದು ಗೂಟ ಬೇಕಿದ್ದರೆ ಕನ್ನಡದಲ್ಲೇ ಇದೆ: ಅಭಿಮುಖ ಎಂದರೆ ಇತ್ತ ಮುಖ ಮಾಡಿದ್ದು, ಅಪಹರಣ ಎಂದರೆ ಅತ್ತ ಒಯ್ದದ್ದು. ಅಭಿಧಮನಿ ಹೃದಯದ ಕಡೆಗೆ ತರುತ್ತದೆ, ಅಪಧಮನಿ ಹೃದಯದಿಂದ ಒಯ್ಯುತ್ತದೆ.

ನೆನಪಿನ ಉಪಾಯ ಇಲ್ಲಿಂದಲೇ ಶುರು. ರಕ್ತದ ದಾರಿಯನ್ನು ಹತ್ತು ಹನ್ನೆರಡು ಹೆಸರುಗಳ ಸರಪಳಿಯಾಗಿ ಬಾಯಿಪಾಠ ಮಾಡಿದವರು ನಡುವೆ ಒಂದು ಕೊಂಡಿ ಮರೆತರೆ ಮುಂದಕ್ಕೆ ಹೋಗಲಾರರು. ಆದರೆ ಆ ಸರಪಳಿಯನ್ನು ಗಮನಿಸಿ ನೋಡಿದರೆ ಅದರಲ್ಲಿ ಇರುವುದು ನಾಲ್ಕೇ ಮಾತು, ಅವೇ ಎರಡು ಸಲ ಬರುತ್ತವೆ: ಅಭಿ, ಕರ್ಣ, ಕುಕ್ಷಿ, ಅಪ. ಒಮ್ಮೆ ಬಲಗಡೆ ಹೇಳಿ, ಮುಗಿದ ಮೇಲೆ 'ಶ್ವಾಸಕೋಶ' ಅನ್ನಬೇಕು. ಮತ್ತೊಮ್ಮೆ ಎಡಗಡೆ ಹೇಳಿ, ಮುಗಿದ ಮೇಲೆ 'ದೇಹ' ಅನ್ನಬೇಕು. ಅಲ್ಲಿಗೆ ಸುತ್ತು ಪೂರ್ತಿ. ಕರ್ಣ ಮೇಲೋ ಕುಕ್ಷಿ ಮೇಲೋ ಎಂಬ ಅನುಮಾನ ಬಂದರೆ ಸ್ವಂತ ಮೈ ಮುಟ್ಟಿ ನೋಡಿಕೊಂಡರಾಯಿತು. ಕಿವಿ ಮೇಲಿದೆ, ಹೊಟ್ಟೆ ಕೆಳಗಿದೆ.

ನಾಳಗಳ ವಿಶೇಷಣಗಳು ಯಾವುವು ಎಂಬುದು ಉಳಿಯಿತು. ಮೊದಲ ಸುತ್ತು 'ಮಹಾ' ಎಂದು ಶುರುವಾಗಿ 'ಪುಪ್ಪುಸಕ' ಎಂದು ಮುಗಿಯುತ್ತದೆ. ಎರಡನೆಯದು 'ಪುಪ್ಪುಸಕ' ಎಂದು ಶುರುವಾಗಿ 'ಮಹಾ' ಎಂದು ಮುಗಿಯುತ್ತದೆ. ಹುಡುಗಿಯ ನೋಟ್ಸಿನಲ್ಲಿ ಕೊನೆಗೆ ಉಳಿದದ್ದು ಈ ಎರಡು ಸಾಲು:

ಬಲ: ಮಹಾ ಅಭಿಧಮನಿ → ಬಲ ಹೃತ್ಕರ್ಣ → ಬಲ ಹೃತ್ಕುಕ್ಷಿ → ಪುಪ್ಪುಸಕ ಅಪಧಮನಿ → ಶ್ವಾಸಕೋಶ

ಎಡ: ಪುಪ್ಪುಸಕ ಅಭಿಧಮನಿ → ಎಡ ಹೃತ್ಕರ್ಣ → ಎಡ ಹೃತ್ಕುಕ್ಷಿ → ಮಹಾಪಧಮನಿ → ದೇಹ

'ಮಹಾಪಧಮನಿ'ಯಲ್ಲಿ 'ಅಪ' ಎಲ್ಲಿದೆ ಎಂದು ಅವಳು ಕೇಳಿದಳು. ಮಹಾ ಮತ್ತು ಅಪಧಮನಿ ಸಂಧಿಯಾದಾಗ 'ಅ' ಒಳಸರಿದಿದೆ, ಅಷ್ಟೇ. ಕವಾಟಗಳಿಗೆ ಬೇರೆ ಪದ್ಯ ಬೇಡ. ಕರ್ಣಕ್ಕೂ ಕುಕ್ಷಿಗೂ ನಡುವೆ ಎಡಕ್ಕೆ ಎರಡು ದಳದ ಕವಾಟ. ಎರಡೂ 'ಎ' ಅಕ್ಷರವೇ. ಹಾಗಾದರೆ ಬಲಕ್ಕೆ ಉಳಿದದ್ದು ಮೂರು ದಳದ್ದು. ಕುಕ್ಷಿಯಿಂದ ಹೊರಬೀಳುವ ಬಾಗಿಲಲ್ಲಿ ಎರಡೂ ಕಡೆ ಅರ್ಧಚಂದ್ರಾಕಾರದ ಕವಾಟ.

ಈಗ ಫೋಟೋದ ಚಿತ್ರಕ್ಕೆ ಮರಳಿ, ಈ ಎರಡು ಸಾಲನ್ನು ಬೆರಳಿಟ್ಟು ಅದರ ಮೇಲೆ ನಡೆಸಬೇಕು. ತಪ್ಪುಗಳು ಬಯಲಾಗುವುದು ಇಲ್ಲೇ.

ಮೊದಲನೆಯದು ಎಡ–ಬಲದ ಗೊಂದಲ. ಚಿತ್ರದಲ್ಲಿರುವ ಹೃದಯ ನಮ್ಮೆದುರು ನಿಂತವರದು. ಹಾಗಾಗಿ ಬಲ ಹೃತ್ಕರ್ಣ ಪುಟದ ಎಡಭಾಗಕ್ಕೆ ಬರುತ್ತದೆ. ನೋಟ್ಸಿನ ನೆತ್ತಿಯ ಮೇಲೆ 'ಪುಟದ ಎಡ, ದೇಹದ ಬಲ' ಎಂದು ಬರೆದುಕೊಂಡೇ ಮುಂದುವರಿಯುವುದು ಕ್ಷೇಮ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಕೆಲವು ಫೋನುಗಳಲ್ಲಿ ಕನ್ನಡಿಯಂತೆ ತಿರುಗಿ ಉಳಿಯುತ್ತದೆ. ಹೆಸರುಗಳಿದ್ದರೆ ಅಕ್ಷರ ನೋಡಿದೊಡನೆ ಗೊತ್ತಾಗುತ್ತದೆ. ಹೆಸರುಗಳನ್ನು ಕತ್ತರಿಸಿ ಬರೀ ಹೃದಯವನ್ನು ಉಳಿಸಿಕೊಂಡಿದ್ದರೆ ಗೋಡೆಯ ದಪ್ಪವೇ ಸಾಕ್ಷಿ. ಎಡ ಹೃತ್ಕುಕ್ಷಿಯ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ, ಬಲದ್ದು ಅದರ ಮೂರನೇ ಒಂದರಷ್ಟು ಮಾತ್ರ. ಬಲಗಡೆಯ ಕೋಣೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ನೂಕಬೇಕು, ಅದಕ್ಕೆ ಪಾದರಸದ 25 ಮಿಲಿಮೀಟರಿನಷ್ಟು ಒತ್ತಡ ಸಾಕು. ಎಡಗಡೆಯದು ನೆತ್ತಿಯಿಂದ ಅಂಗಾಲಿನವರೆಗೆ ಕಳಿಸಬೇಕು, ಅದಕ್ಕೆ ಸುಮಾರು 120 ಬೇಕು. ಆದ್ದರಿಂದ ದಪ್ಪ ಗೋಡೆ ಪುಟದ ಬಲಭಾಗದಲ್ಲಿ ಇರಲೇಬೇಕು. ಎಡಭಾಗದಲ್ಲಿ ಕಂಡರೆ ಚಿತ್ರ ತಿರುಗಿದೆ ಎಂದೇ ಅರ್ಥ.

ಎರಡನೆಯದು ಇನ್ನೂ ಮೋಸದ್ದು. ಮಹಾಪಧಮನಿ ಎಡ ಹೃತ್ಕುಕ್ಷಿಯಿಂದ ಹೊರಟರೂ ಮೇಲೆ ಬರುವಾಗ ಪುಪ್ಪುಸಕ ಅಪಧಮನಿಯ ಹಿಂದೆ ಅಡ್ಡಹಾಯ್ದು ಪುಟದ ಎಡಕ್ಕೆ ವಾಲಿಕೊಂಡು, ಆಮೇಲೆ ಕಮಾನಿನಂತೆ ಬಾಗುತ್ತದೆ. ಪುಪ್ಪುಸಕ ಅಪಧಮನಿ ಬಲ ಹೃತ್ಕುಕ್ಷಿಯಿಂದ ಎದ್ದು, ಮುಂದುಗಡೆಯಿಂದ ಪುಟದ ಬಲಕ್ಕೆ ಹೊರಳುತ್ತದೆ. ಹೀಗೆ ಎರಡೂ ಒಂದನ್ನೊಂದು ದಾಟುತ್ತವೆ. ಮೇಲ್ತುದಿಯನ್ನು ಮಾತ್ರ ನೋಡಿದವರಿಗೆ ಮಹಾಪಧಮನಿ ಬಲ ಹೃತ್ಕುಕ್ಷಿಯಿಂದ ಬಂದಂತೆ ಕಾಣುತ್ತದೆ; ನೆರಳು ಬಿದ್ದ ಫೋಟೋದಲ್ಲಂತೂ ದಾಟುವ ಜಾಗವೇ ಕಪ್ಪಾಗಿರುತ್ತದೆ. ಅವಳು ಕೈಯಲ್ಲಿ ಬರೆದ ಚಿತ್ರದಲ್ಲಿ ಎರಡು ಕೊಳವೆಗಳೂ ನೆಟ್ಟಗೆ ಮೇಲೆದ್ದಿದ್ದವು. ಬೆರಳಿಟ್ಟು ಎರಡನೇ ಸಾಲು ಹೇಳಿಸಿದಾಗ 'ಕುಕ್ಷಿ' ಆದಮೇಲೆ ಬೆರಳು ಹೋಗಿ ಪುಪ್ಪುಸಕ ಎಂದು ಬರೆದಲ್ಲಿ ನಿಂತಿತು. "ಅಯ್ಯೋ, ಮತ್ತೆ ಶ್ವಾಸಕೋಶಕ್ಕೇ ಹೋಯ್ತು" ಎಂದು ತಾನೇ ಅಳಿಸಿ ತಿದ್ದಿದಳು.

ಮೂರನೆಯದು ಪುಪ್ಪುಸಕ ಅಭಿಧಮನಿಗಳದ್ದು. ಎರಡೂ ಶ್ವಾಸಕೋಶಗಳಿಂದ ಸಾಮಾನ್ಯವಾಗಿ ಎರಡೆರಡರಂತೆ ನಾಲ್ಕು ಬರುತ್ತವೆ, ನಾಲ್ಕೂ ಎಡ ಹೃತ್ಕರ್ಣಕ್ಕೇ ಸೇರುತ್ತವೆ. ಬಲ ಶ್ವಾಸಕೋಶದಿಂದ ಬರುವ ಎರಡು ಮಾತ್ರ ಬಲ ಹೃತ್ಕರ್ಣದ ಬೆನ್ನ ಹಿಂದಿನಿಂದ ಹಾದುಹೋಗಬೇಕು. ಕೆಲವು ಚಿತ್ರಗಳಲ್ಲಿ ಪುಟದ ಎಡ ಅಂಚಿನಲ್ಲಿ ಅವುಗಳ ತುಂಡು ತುದಿಗಳಷ್ಟೇ ಕಾಣುತ್ತವೆ, ನೋಡಿದವರು ಬಲ ಹೃತ್ಕರ್ಣಕ್ಕೆ ಜೋಡಿಸಿಬಿಡುತ್ತಾರೆ. ಬಲ ಹೃತ್ಕರ್ಣಕ್ಕೆ ಬರುವ ಅಭಿಧಮನಿ 'ಮಹಾ' ಆಗಿರಬೇಕು ಎಂದು ಮೊದಲ ಸಾಲು ಹೇಳುತ್ತದೆ. ಅಲ್ಲಿಗೆ ಪುಪ್ಪುಸಕ ಸೇರಿಸಿದರೆ ಸಾಲೇ ಒಪ್ಪುವುದಿಲ್ಲ.

ಬಣ್ಣದ ಮಾತೂ ಒಂದಿದೆ. ಪುಸ್ತಕದಲ್ಲಿ ಆಕ್ಸಿಜನ್‌ಯುಕ್ತ ರಕ್ತಕ್ಕೆ ಕೆಂಪು, ಆಕ್ಸಿಜನ್‌ರಹಿತ ರಕ್ತಕ್ಕೆ ನೀಲಿ ಹಾಕುತ್ತಾರೆ. ಫೋಟೋವನ್ನು ಜೆರಾಕ್ಸ್ ಮಾಡಿಸಿದರೆ ಎರಡೂ ಬೂದಿ ಬಣ್ಣವೇ. 'ಅಪಧಮನಿ ಎಂದರೆ ಕೆಂಪು' ಎಂದು ಕಲಿತವರು ಪುಪ್ಪುಸಕ ಅಪಧಮನಿಯ ಹತ್ತಿರ ಬಂದು ಸಿಕ್ಕಿಬೀಳುತ್ತಾರೆ, ಏಕೆಂದರೆ ಅದು ನೀಲಿ. ಬಣ್ಣ ಹಾಕುವುದಾದರೆ ಸಾಲು ನೋಡಿ ಹಾಕಬೇಕು: ಬಲದ ಸಾಲು ಪೂರ್ತಿ ನೀಲಿ, ಎಡದ ಸಾಲು ಪೂರ್ತಿ ಕೆಂಪು. (ನಿಜವಾದ ರಕ್ತ ಎಲ್ಲೂ ನೀಲಿಯಿಲ್ಲ, ಕಡುಗೆಂಪು ಅಷ್ಟೇ. 'ರಹಿತ' ಎಂದರೂ ಸುಮ್ಮನೆ ಕುಳಿತಿರುವವರ ಆ ರಕ್ತದಲ್ಲಿ ಆಕ್ಸಿಜನ್ನಿನ ಮುಕ್ಕಾಲು ಪಾಲು ಉಳಿದೇ ಇರುತ್ತದೆ.)

ಮೇಲಿನ ಮಹಾ ಅಭಿಧಮನಿ ತಲೆ ಮತ್ತು ಕೈಗಳ ರಕ್ತ ತರುತ್ತದೆ, ಕೆಳಗಿನದು ಹೊಟ್ಟೆ ಕಾಲುಗಳದ್ದು. ಕೋಟೆಯ ಪಕ್ಕದ ತುಂಗೆ, ಭದ್ರಾವತಿಯ ಭದ್ರೆ ಎರಡೂ ಹೋಗಿ ಕೂಡ್ಲಿಯಲ್ಲಿ ಸೇರಿದಂತೆ ಇವೆರಡೂ ಬಲ ಹೃತ್ಕರ್ಣದಲ್ಲಿ ಒಂದಾಗುತ್ತವೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಬಲದ ರಕ್ತ, ಎಡದ ರಕ್ತ ಹೃದಯದೊಳಗೆ ಎಲ್ಲೂ ಕೂಡುವುದಿಲ್ಲ, ನಡುವೆ ತಡೆಗೋಡೆಯಿದೆ. ಆ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ರಕ್ತ ಜಿನುಗುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಯುರೋಪು ಸಾವಿರಕ್ಕೂ ಹೆಚ್ಚು ವರ್ಷ ನಂಬಿತ್ತು. 13ನೇ ಶತಮಾನದಲ್ಲಿ ಇಬ್ನ್ ಅಲ್‌-ನಫೀಸ್ ಅದನ್ನು ಅಲ್ಲಗಳೆದು, ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಬರುತ್ತದೆ ಎಂದು ಬರೆದರು. 1628ರಲ್ಲಿ ವಿಲಿಯಂ ಹಾರ್ವೆ ಇಡೀ ಸುತ್ತನ್ನು ಲೆಕ್ಕ ಹಾಕಿ ತೋರಿಸಿದರು. ಆದರೂ 'ಅಪ'ದಿಂದ 'ಅಭಿ'ಗೆ ರಕ್ತ ದಾಟುವುದು ಹೇಗೆಂದು ಅವರಿಗೆ ಕಾಣಲಿಲ್ಲ. 1661ರಲ್ಲಿ ಮಾಲ್ಪೀಗಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ ಲೋಮನಾಳಗಳೇ ಆ ಕೊಂಡಿ. ನೋಟ್ಸಿನಲ್ಲಿ 'ಶ್ವಾಸಕೋಶ', 'ದೇಹ' ಎಂದು ಬರೆದ ಕಡೆ 'ಲೋಮನಾಳ' ಎಂದು ಸೇರಿಸಿದರೆ ಸುತ್ತು ಎಲ್ಲೂ ತುಂಡಾಗುವುದಿಲ್ಲ.

ಈ ಉಪಾಯಕ್ಕೆ ಒಂದು ಮಿತಿ ಇದೆ, ಅದನ್ನೂ ನೋಟ್ಸಿನಲ್ಲೇ ಬರೆದುಕೊಳ್ಳಬೇಕು. ಬಲದ ಸಾಲು ಮುಗಿದ ಮೇಲೆ ಎಡದ ಸಾಲು ಹೇಳುತ್ತೇವಲ್ಲ, ಅದು ಒಂದು ಹನಿ ರಕ್ತ ಸಾಗುವ ಕ್ರಮ. ಹೃದಯ ಬಡಿಯುವ ಕ್ರಮ ಅದಲ್ಲ. "ಬಲಭಾಗ ಮೊದಲು ಸಂಕುಚಿಸುತ್ತದೆ, ಆಮೇಲೆ ಎಡಭಾಗ" ಎಂದು ಉತ್ತರ ಬರೆಯುವವರಿದ್ದಾರೆ. ಎರಡೂ ಹೃತ್ಕರ್ಣಗಳು ಒಟ್ಟಿಗೆ ಸಂಕುಚಿಸುತ್ತವೆ, ಅದಾದ ಮೇಲೆ ಎರಡೂ ಹೃತ್ಕುಕ್ಷಿಗಳು ಒಟ್ಟಿಗೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಪ್ರತಿ ಬಡಿತಕ್ಕೆ ಬಲದಿಂದ ಸುಮಾರು 70 ಮಿಲಿಲೀಟರ್ ಹೊರಬಿದ್ದರೆ ಎಡದಿಂದಲೂ ಅಷ್ಟೇ. ನಿಮಿಷಕ್ಕೆ 72 ಬಡಿತವೆಂದರೆ ಐದು ಲೀಟರ್. ಒಂದು ಕಡೆಯದು ಇನ್ನೊಂದಕ್ಕಿಂತ ಹೆಚ್ಚಾಗಿ ಮುಂದುವರಿದರೆ ರಕ್ತ ಶ್ವಾಸಕೋಶದಲ್ಲೋ ದೇಹದಲ್ಲೋ ಕಟ್ಟಿಕೊಳ್ಳತೊಡಗುತ್ತದೆ.

ಎರಡೂ ಕಡೆ ಒಟ್ಟಿಗೆ ಬಡಿಯುತ್ತವೆ ಎಂಬುದಕ್ಕೆ ಪುರಾವೆ ಕಿವಿಗೇ ಕೇಳುತ್ತದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಬಡಿತವೊಂದಕ್ಕೆ 'ಲಬ್', 'ಡಬ್' ಎಂದು ಎರಡು ಶಬ್ದ. ಕವಾಟಗಳಾದರೋ ನಾಲ್ಕು. ತ್ರಿದಳ, ದ್ವಿದಳ ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಚ್ಚಿಕೊಂಡಾಗ 'ಲಬ್'. ಎರಡು ಅರ್ಧಚಂದ್ರ ಕವಾಟಗಳು ಮುಚ್ಚಿಕೊಂಡಾಗ 'ಡಬ್'. ಬಲದ ಸರದಿ ಮುಗಿದು ಎಡದ ಸರದಿ ಬರುವಂತಿದ್ದರೆ ನಾಲ್ಕು ಬೇರೆ ಬೇರೆ ಸದ್ದು ಕೇಳಬೇಕಿತ್ತು.