ಅಜ್ಜಿಯ ಸಹಿ, ಬ್ಯಾಂಕಿನ ಸಹಿ

ತಿಪಟೂರಿನ ಬ್ಯಾಂಕಿನಲ್ಲಿ ನಮ್ಮಜ್ಜಿಯದೊಂದು ಉಳಿತಾಯ ಖಾತೆ ಇದೆ. ಮೇಷ್ಟ್ರಾಗಿದ್ದ ತಾತ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಅದಕ್ಕೇ ಬರುತ್ತದೆ. ಒಂದು ತಿಂಗಳು ಹಣ ತೆಗೆಯಲು ಹೋದರೆ ಕೌಂಟರಿನವರು ಚೀಟಿ ವಾಪಸ್ ಕೊಟ್ಟರು: ‘ಸಹಿ ತಾಳೆ ಆಗ್ತಿಲ್ಲಮ್ಮ.’ ಇನ್ನೊಂದು ಚೀಟಿಯಲ್ಲಿ ಬರೆದುಕೊಟ್ಟರು, ಅದೂ ತಾಳೆಯಾಗಲಿಲ್ಲ. ಮುಂದಿನ ತಿಂಗಳ ಹೊತ್ತಿಗೆ ಖಾತೆಯೇ ಫ್ರೀಜ್ ಆಗಿತ್ತು. ಮನೆಯಲ್ಲಿ ಪಿಂಚಣಿಯೇ ನಿಂತುಹೋಯಿತೆಂದು ಗಾಬರಿ.

ನಾನು ಮಾಡಿದ ಮೊದಲ ಕೆಲಸ ಪಾಸ್‌ಬುಕ್ ಮುದ್ರಿಸಿಕೊಂಡಿದ್ದು. ಪಿಂಚಣಿ ತಪ್ಪದೆ ಜಮೆಯಾಗಿತ್ತು. ಅಂದರೆ ಹಣ ಒಳಗೆ ಬರುತ್ತಿದೆ, ಹೊರಗೆ ಹೋಗುತ್ತಿಲ್ಲ. ಬ್ಯಾಂಕಿನವರು ಇದನ್ನು ಡೆಬಿಟ್ ಫ್ರೀಜ್ ಎನ್ನುತ್ತಾರೆ. ಯಾಕೆ ಹಾಕಿದ್ದೀರಿ ಎಂದು ಅಜ್ಜಿಯ ಎದುರಿನಲ್ಲೇ ಮ್ಯಾನೇಜರನ್ನು ಕೇಳಿದೆ. ಎರಡು ಕಾರಣ ಹೊರಬಂತು. ಸಹಿ ಪದೇ ಪದೇ ತಾಳೆಯಾಗದ್ದರಿಂದ ಬೇರೆ ಯಾರಾದರೂ ಹಣ ತೆಗೆಯುತ್ತಿರಬಹುದೆಂಬ ಎಚ್ಚರಿಕೆ ಒಂದು. ಕೆವೈಸಿ ನವೀಕರಣದ ಅವಧಿ ಮುಗಿದಿದ್ದು ಇನ್ನೊಂದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿಮೆ ಅಪಾಯದ ಗ್ರಾಹಕರೂ 10 ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು. ನವೀಕರಣದ ಫಾರಂಗೂ ಸಹಿ ಬೇಕು, ಆ ಸಹಿಯೂ ಹಳೆಯದಕ್ಕೆ ಹೊಂದುವುದಿಲ್ಲ. ಗಂಟು ಬಿದ್ದಿದ್ದು ಇಲ್ಲಿ. ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಯಾಗಲಿ, ಪೊಲೀಸರು ಅಥವಾ ಕೋರ್ಟು ತಡೆಹಿಡಿಸಿದ ಖಾತೆಯಾಗಲಿ ಬಿಡುಗಡೆಯಾಗುವ ದಾರಿ ಬೇರೆ. ಆದ್ದರಿಂದ ಮೊದಲು ಕಾರಣವನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಬ್ಯಾಂಕಿನ ಕಂಪ್ಯೂಟರಿನಲ್ಲಿದ್ದ ಸಹಿಯನ್ನು ಅಧಿಕಾರಿ ಅಜ್ಜಿಗೆ ತೋರಿಸಿದರು. ಖಾತೆ ತೆರೆದ ದಿನ ರಟ್ಟಿನ ಕಾರ್ಡಿನ ಮೇಲೆ ಮಾಡಿದ್ದನ್ನು ಶಾಖೆ ಕಂಪ್ಯೂಟರಿಗೆ ಬಂದಾಗ ಸ್ಕ್ಯಾನ್ ಮಾಡಿಟ್ಟಿದ್ದರು. ದುಂಡಗಿನ ಅಕ್ಷರ, ಒಂದೇ ಸಾಲಿನಲ್ಲಿ ಓಡುವ ಬರಹ, ಕೊನೆಯ ‘ಮ್ಮ’ದ ಒತ್ತು ಕೆಳಗಿಳಿದು ಬಲಕ್ಕೆ ಬಳ್ಳಿಯಂತೆ ಹರಿದಿದೆ. ಈಗಿನ ಚೀಟಿಯಲ್ಲಿ ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿಟ್ಟಿದ್ದಾರೆ, ಗೆರೆ ನಡುಗಿದೆ, ಒತ್ತು ಮೊಟಕಾಗಿದೆ. ಕೌಂಟರಿನವರು ಅಕ್ಷರ ಓದುವುದಿಲ್ಲ. ಗೆರೆಯ ಓಟ, ಓರೆ, ಬಿಡುವು ನೋಡುತ್ತಾರೆ. ನಡುಗುವ ಗೆರೆಯೆಂದರೆ ಅವರಿಗೆ ಮೊದಲು ಹೊಳೆಯುವುದೇ ಯಾರೋ ನೋಡಿಕೊಂಡು ನಕಲು ಮಾಡಿದ್ದಾರೆ ಎಂದು. ವಯಸ್ಸಾದವರ ಸಹಿ ಸಿಕ್ಕಿಬೀಳುವುದು ಇದೇ ಕಾರಣಕ್ಕೆ.

‘ಕೈ ನಡುಗುತ್ತೆ ಕಣೇ, ಮೊದಲಿನ ಹಾಗೆ ಸೈನು ಎಲ್ಲಿಂದ ತರ್ಲಿ?’ ಎಂದರು ಅಜ್ಜಿ. ಹಳೆಯ ಸಹಿಯನ್ನು ಮುಂದಿಟ್ಟುಕೊಂಡು ತಿದ್ದಿಸು ಎಂದರು ಒಬ್ಬರು. ನೀನೇ ಹಾಕಿಬಿಡು, ಯಾರಿಗೆ ಗೊತ್ತಾಗುತ್ತೆ ಎಂದರು ಚಿಕ್ಕಪ್ಪ. ಎರಡನೆಯದು ಅಪರಾಧ. ಮೊದಲನೆಯದು ಪ್ರಯೋಜನಕ್ಕೆ ಬಾರದ್ದು, ಈ ಸಲ ಹೇಗೋ ಹೊಂದಿದರೂ ಮುಂದಿನ ತಿಂಗಳು ಮತ್ತದೇ ರಗಳೆ. ಅಜ್ಜಿಯ ಕೈಯನ್ನು ಬ್ಯಾಂಕಿನ ದಾಖಲೆಗೆ ಹೊಂದಿಸಲು ಹೊರಡುವ ಬದಲು ದಾಖಲೆಯನ್ನೇ ಈಗಿನ ಕೈಗೆ ಹೊಂದಿಸಬೇಕು. ಅದಕ್ಕೆ ಬ್ಯಾಂಕಿನಲ್ಲಿ ಸಹಿ ಬದಲಾವಣೆಯ ಅರ್ಜಿ ಇದೆ.

ಅರ್ಜಿಗೆ ಮುಂಚೆ ಮನೆಯಲ್ಲಿ ಹೊಸ ಸಹಿ ಗೊತ್ತುಮಾಡಿಕೊಂಡೆವು. ಅಂದ ನೋಡಲಿಲ್ಲ, ಮತ್ತೆ ಮತ್ತೆ ಒಂದೇ ಥರ ಬರುವುದಷ್ಟೇ ಬೇಕಿತ್ತು. ಇನಿಷಿಯಲ್ ಬಿಟ್ಟು, ಒತ್ತಿನ ಬಳ್ಳಿ ಕತ್ತರಿಸಿ, ಬರೀ ಹೆಸರನ್ನು ಬಿಡಿಬಿಡಿಯಾಗಿ ದೊಡ್ಡ ಅಕ್ಷರದಲ್ಲಿ ಬರೆಯುವುದೆಂದು ತೀರ್ಮಾನವಾಯಿತು. ಬೆಳಿಗ್ಗೆ ಬರೆದದ್ದನ್ನು ಸಂಜೆ ಬರೆದದ್ದರ ಪಕ್ಕದಲ್ಲಿಟ್ಟು ನೋಡಿದೆವು. ಎರಡೂ ಒಂದೇ ಕೈಯದು ಎಂದು ಕಾಣುತ್ತಿತ್ತು.

ಬ್ಯಾಂಕಿಗೆ ಒಯ್ದದ್ದು ಪಾಸ್‌ಬುಕ್, ಆಧಾರ್, ಪ್ಯಾನ್ ಕಾರ್ಡುಗಳ ಮೂಲ ಮತ್ತು ಜೆರಾಕ್ಸ್, ಫೋಟೊ ಹಾಗೂ ಒಂದು ಪತ್ರ. ಪತ್ರದಲ್ಲಿ ಹೀಗೆ ಬರೆದಿದ್ದೆವು: ‘ವಯಸ್ಸಿನಿಂದಾಗಿ ನನ್ನ ಸಹಿ ಬದಲಾಗಿದೆ. ನಿಮ್ಮ ಸಮಕ್ಷಮದಲ್ಲಿ ಮಾಡಿರುವ ಕೆಳಗಿನ ಸಹಿಯನ್ನು ಇನ್ನು ಮುಂದೆ ಮಾದರಿಯಾಗಿ ದಾಖಲಿಸಿ, ಕೆವೈಸಿ ನವೀಕರಿಸಿ, ಖಾತೆಯ ಮೇಲಿನ ತಡೆ ತೆರವುಗೊಳಿಸಬೇಕು.’ ಮೂರು ಕೋರಿಕೆಯೂ ಒಂದೇ ಪತ್ರದಲ್ಲಿ ಇರಲೆಂದು ಬೇಕೆಂದೇ ಹಾಗೆ ಬರೆದದ್ದು. ಜೆರಾಕ್ಸ್ ಪ್ರತಿಗಳ ಮೇಲೂ ಅಜ್ಜಿ ಹೊಸ ಸಹಿಯನ್ನೇ ಹಾಕಿದರು.

ತೊಡಕು ಬಂದದ್ದು ಫಾರಂನಲ್ಲಿ. ‘ಹಳೆಯ ಸಹಿ’ ಎಂಬ ಚೌಕ ಅದರಲ್ಲೂ ಇತ್ತು. ಹಳೆಯದನ್ನು ಮಾಡಲಾಗದೆ ತಾನೇ ಬಂದಿರುವುದು! ಅಧಿಕಾರಿ ಅದನ್ನು ಖಾಲಿ ಬಿಡಿಸಿ, ಆಧಾರ್ ಫೋಟೊ ನೋಡಿ, ಅಜ್ಜಿಯ ಊರು, ತಾತನ ಹೆಸರು, ಪಿಂಚಣಿಯ ವಿವರ ಕೇಳಿದರು. ಉತ್ತರ ಹೇಳಲು ಬಾಯಿ ತೆರೆದ ನನ್ನನ್ನು ‘ಅವರೇ ಹೇಳಲಿ’ ಎಂದು ತಡೆದರು. ಸರಿಯೇ. ಖಾತೆ ಅಜ್ಜಿಯದು, ಜೊತೆಗೆ ಹೋದ ಮೊಮ್ಮಗಳಿಗೆ ಬಾಕಿ ಎಷ್ಟಿದೆಯೆಂದು ಕೇಳುವ ಹಕ್ಕೂ ಇಲ್ಲ. ಆಮೇಲೆ ಅಜ್ಜಿ ಅವರ ಎದುರಿನಲ್ಲಿ ಸಹಿ ಹಾಕಿದರು, ಅಧಿಕಾರಿ ‘ನನ್ನ ಸಮಕ್ಷಮ’ ಎಂದು ಬರೆದು ತಮ್ಮ ಸಹಿ ಹಾಕಿದರು. ಪತ್ರದ ಇನ್ನೊಂದು ಪ್ರತಿಗೆ ದಿನಾಂಕದ ಸಮೇತ ಮೊಹರು ಹಾಕಿಸಿಕೊಂಡೆವು.

ಇಷ್ಟಾದ ಮೇಲೂ ಹಣ ಸಿಗಲಿಲ್ಲ. ಹೊಸ ಸಹಿ ಕಂಪ್ಯೂಟರಿಗೆ ಏರಿತ್ತು, ತಡೆ ಹಾಗೇ ಉಳಿದಿತ್ತು. ಇವೆರಡೂ ಬೇರೆ ಬೇರೆ ನಮೂದುಗಳು. ಒಬ್ಬ ಸಿಬ್ಬಂದಿ ದಾಖಲಿಸಿದ್ದನ್ನು ಮತ್ತೊಬ್ಬ ಅಧಿಕಾರಿ ಅನುಮೋದಿಸಿದರೆ ಮಾತ್ರ ಜಾರಿಗೆ ಬರುತ್ತವೆ. ಮೊಹರಿನ ಪ್ರತಿ ತೋರಿಸಿ ಕೇಳಿದಾಗ ತಡೆ ತೆಗೆದರು. ಎಲ್ಲ ಸರಿಯಾಯಿತೆಂದು ಬರೀ ಬಾಯಿಮಾತಿಗೆ ನಂಬದೆ ಅಲ್ಲೇ 500 ರೂಪಾಯಿಗೆ ಚೀಟಿ ಬರೆದು ಹಣ ತೆಗೆದು ನೋಡಿದೆವು. ಅಜ್ಜಿಯ ಠೇವಣಿಯ ದಾಖಲೆಯಲ್ಲಿ ಯಾವ ಸಹಿ ಇದೆಯೆಂದೂ ವಿಚಾರಿಸಿದೆವು. ಕೆಲವು ಕಡೆ ಒಂದೊಂದು ಖಾತೆಗೂ ಸಹಿ ಪ್ರತ್ಯೇಕವಾಗಿರುತ್ತದೆ. ಹಳೆಯ ಸಹಿಯಲ್ಲಿ ಯಾರಿಗಾದರೂ ಚೆಕ್ ಕೊಟ್ಟಿದ್ದರೆ ಅದು ವಾಪಸಾಗಬಹುದು, ಅದನ್ನು ಬದಲಾಯಿಸಿ ಕೊಡಬೇಕು.

ಹೆಬ್ಬೆಟ್ಟು ಹಾಕಿಸಿಬಿಡಬಾರದೇ ಎಂದು ಹಲವರು ಕೇಳುತ್ತಾರೆ. ಹಾಕಿಸಬಹುದು, ಆದರೆ ಹೆಬ್ಬೆಟ್ಟಿನ ಖಾತೆಗೆ ಸಾಮಾನ್ಯವಾಗಿ ಚೆಕ್ ಪುಸ್ತಕ ಕೊಡುವುದಿಲ್ಲ, ಪ್ರತಿ ಸಲ ಖಾತೆದಾರರೇ ಬರಬೇಕು. ಕೈ ಆಡುವಷ್ಟು ದಿನ ಸಹಿಯೇ ಅನುಕೂಲ. ಸಹಿಯೇ ಆಗದ ಕಾಯಿಲೆಯವರಿಗೆ ರಿಸರ್ವ್ ಬ್ಯಾಂಕ್ ದಾರಿ ಹೇಳಿದೆ: ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತನ್ನು ಇಬ್ಬರು ಸಾಕ್ಷಿಗಳು ದೃಢೀಕರಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 70 ದಾಟಿದವರಿಗೆ ಮನೆ ಬಾಗಿಲಿನಲ್ಲೇ ಸೇವೆ ಒದಗಿಸುವಂತೆ 2017ರಲ್ಲೇ ಬ್ಯಾಂಕುಗಳಿಗೆ ಸೂಚನೆಯಾಗಿದೆ. ಆದರೆ ಖಾತೆದಾರರಿಗೆ ವ್ಯವಹಾರ ತಿಳಿಯದಷ್ಟು ಮರೆವು ಬಂದಿದ್ದರೆ ಇದ್ಯಾವುದೂ ನಡೆಯದು, ಕಾನೂನು ಪ್ರಕಾರ ಪಾಲಕರನ್ನು ನೇಮಿಸಿಕೊಳ್ಳಬೇಕಾಗುತ್ತದೆ.

ಶಾಖೆಯವರು ಸುಮ್ಮನೆ ಸತಾಯಿಸಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಪರಿಹಾರ ಸಿಗದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಮೊಹರು ಬಿದ್ದ ಪ್ರತಿ ಆಗ ಬೇಕಾಗುತ್ತದೆ.

ಈಗ ಪ್ರತಿ ತಿಂಗಳು ಚೀಟಿಯಲ್ಲಿ ದಿನಾಂಕ, ಖಾತೆ ಸಂಖ್ಯೆ, ಮೊತ್ತ ತುಂಬುವುದು ನಾನು. ಅದನ್ನು ಯಾರು ಬರೆದರೂ ಬ್ಯಾಂಕಿನವರ ತಕರಾರಿಲ್ಲ. ಸಹಿಯ ಜಾಗಕ್ಕೆ ಮಾತ್ರ ಪೆನ್ನನ್ನು ಅಜ್ಜಿಯ ಕೈಗೆ ಕೊಡುತ್ತೇನೆ.